ಕಡತ ಹೋಯಿತು, ಫಾಂಟ್ ಹೋಗಲಿಲ್ಲ

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಈ ಕಷ್ಟ ಹೊಸದಲ್ಲ. ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಪವರ್‌ಪಾಯಿಂಟಿನಲ್ಲಿ ಕೂತು ಜೋಡಿಸಿದ ಸ್ಲೈಡು ಅಲ್ಲಿ ನೋಡಿದಾಗ ಚೆನ್ನಾಗಿಯೇ ಇರುತ್ತದೆ. ಸಭಾಂಗಣದ ಮ್ಯಾಕ್‌ನಲ್ಲಿ ಕೀನೋಟ್ ಅದನ್ನು ತೆರೆದಾಗ ಶೀರ್ಷಿಕೆ ಎರಡು ಸಾಲಾಗಿ ಒಡೆದು ಕೆಳಗಿನ ಚಿತ್ರದ ಮೇಲೆ ಕೂತಿರುತ್ತದೆ. ಅದೇ ಕಡತವನ್ನು ಗೂಗಲ್ ಸ್ಲೈಡ್ಸ್‌ಗೆ ಹಾಕಿದರೆ ಅಕ್ಷರದ ಮೈಕಟ್ಟೇ ಬದಲಾಗಿರುತ್ತದೆ. ‘ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಇತ್ತಲ್ಲ ಸರ್’ ಎಂದು ಭಾಷಣಕ್ಕೆ ಬಂದವರು ಪ್ರೊಜೆಕ್ಟರ್ ನೋಡಿಕೊಳ್ಳುವವರಿಗೆ ಹೇಳುವ ಮಾತು ನಿಜವೇ. ಅಲ್ಲಿ ಸರಿಯಾಗಿಯೇ ಇತ್ತು. ಯಾವುದು ಅಲ್ಲಿಂದ ಹೊರಟಿತು, ಯಾವುದು ಹೊರಡಲೇ ಇಲ್ಲ ಎಂಬುದು ಗೊತ್ತಾದರೆ ಈ ತೊಂದರೆಯ ಬಹುಪಾಲನ್ನು ಮೊದಲೇ ತಡೆಯಬಹುದು.

ಹೊರಡದೆ ಉಳಿಯುವುದು ಫಾಂಟ್. ಪವರ್‌ಪಾಯಿಂಟ್ ಕಡತದ ಒಳಗೆ ನೀವು ಬರೆದ ಪದಗಳು ಇರುತ್ತವೆ, ಚಿತ್ರಗಳು ಇರುತ್ತವೆ, ಯಾವ ಪೆಟ್ಟಿಗೆ ಎಲ್ಲಿದೆ ಎಂಬ ಅಳತೆಗಳೂ ಇರುತ್ತವೆ. ಆದರೆ ಫಾಂಟಿನದು ಸಾಮಾನ್ಯವಾಗಿ ಹೆಸರು ಮಾತ್ರ. ಕಿರಾಣಿ ಅಂಗಡಿಗೆ ಕಳಿಸಿದ ಚೀಟಿಯಲ್ಲಿ ಒಂದು ಕಂಪನಿಯ ಹೆಸರು ಬರೆದಿರುತ್ತೀರಿ, ಅಂಗಡಿಯಲ್ಲಿ ಅದು ಇಲ್ಲದಿದ್ದರೆ ಇದ್ದದ್ದನ್ನು ಕಟ್ಟಿಕೊಡುತ್ತಾರೆ. ಇಲ್ಲಿ ಆಗುವುದೂ ಅದೇ. ಹೆಸರಿನ ಫಾಂಟ್ ಸಿಗದಿದ್ದರೆ ತಂತ್ರಾಂಶ ತನ್ನಲ್ಲಿರುವ ಇನ್ನೊಂದನ್ನು ಬಳಸುತ್ತದೆ, ಅನೇಕ ಸಲ ಏನೂ ಹೇಳದೆ. ಪವರ್‌ಪಾಯಿಂಟಿನ ಫಾಂಟ್ ಪೆಟ್ಟಿಗೆಯಲ್ಲಿ ಹಳೆಯ ಹೆಸರೇ ಕಾಣುತ್ತಿರುತ್ತದೆ, ಪರದೆಯ ಮೇಲೆ ಮಾತ್ರ ಬೇರೆ ಅಕ್ಷರ. ಆದ್ದರಿಂದ ಪೆಟ್ಟಿಗೆಯ ಹೆಸರನ್ನು ನಂಬಬೇಡಿ.

ಕನ್ನಡಕ್ಕೆ ಇದರಲ್ಲಿ ಇನ್ನೊಂದು ತಿರುವಿದೆ. ಪವರ್‌ಪಾಯಿಂಟ್ ಒಂದೇ ಸಾಲಿಗೆ ಒಂದೇ ಫಾಂಟ್ ಇಟ್ಟುಕೊಳ್ಳುವುದಿಲ್ಲ. ಇಂಗ್ಲಿಷಿನಂಥ ಲಿಪಿಗೆ ಒಂದು ಜಾಗ, ಚೀನಿ ಜಪಾನಿ ಲಿಪಿಗಳಿಗೆ ಒಂದು, ಕನ್ನಡ, ದೇವನಾಗರಿ, ಅರಬ್ಬಿಯಂಥ ಜೋಡಣೆ ಬೇಕಾದ ಲಿಪಿಗಳಿಗೆ ಮತ್ತೊಂದು. ಕೊನೆಯದನ್ನು ಅದು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎನ್ನುತ್ತದೆ. ಕಡತದ ಪ್ರತಿಯೊಂದನ್ನು ತೆಗೆದುಕೊಂಡು, ಹೆಸರಿನ ಕೊನೆಯ `.pptx` ಅನ್ನು `.zip` ಎಂದು ಬದಲಿಸಿ ತೆರೆದರೆ ಇದನ್ನು ಕಣ್ಣಾರೆ ನೋಡಬಹುದು. ಒಂದು ಸ್ಲೈಡಿನೊಳಗೆ ಹೀಗಿರುತ್ತದೆ:

```
<a:latin typeface="Calibri"/>
<a:cs typeface="Tunga"/>
```

ನೀವು ಕನ್ನಡಕ್ಕೆ ಯಾವ ಫಾಂಟನ್ನೂ ಆರಿಸದೆ ಸುಮ್ಮನೆ ಟೈಪ್ ಮಾಡುತ್ತಾ ಹೋಗಿದ್ದರೆ ಆಯ್ಕೆ ಥೀಮಿನದು. ಆಫೀಸಿನ ಹಲವು ಸಿದ್ಧ ಥೀಮ್‌ಗಳಲ್ಲಿ ಯಾವ ಲಿಪಿಗೆ ಯಾವ ಫಾಂಟ್ ಎಂಬ ಪಟ್ಟಿಯೇ ಇದೆ. ಅದರಲ್ಲಿ ಕನ್ನಡದ ಸಾಲು ಇದು:

```
<a:font script="Knda" typeface="Tunga"/>
```

ಹೀಗೆ, ಎಂದೂ ‘ತುಂಗಾ ಬೇಕು’ ಎಂದು ಕೇಳದವರ ಸ್ಲೈಡೂ ತುಂಗಾದಲ್ಲಿ ನಿಂತಿರುತ್ತದೆ. ಆ ತುಂಗಾ ಮ್ಯಾಕ್ ಜೊತೆಗೆ ಬರುವುದಿಲ್ಲ, ಅಲ್ಲಿರುವುದು Kannada MN, Kannada Sangam MN ಮೊದಲಾದವು. ಗೂಗಲ್ ಸ್ಲೈಡ್ಸ್‌ನ ಪಟ್ಟಿಯಲ್ಲೂ ಅದಿಲ್ಲ. ಅಷ್ಟೇಕೆ, ವಿಂಡೋಸ್ 10ರಿಂದೀಚೆಗೆ ಅದು ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಇರುವುದಿಲ್ಲ. Kannada Supplemental Fonts ಎಂಬ ಐಚ್ಛಿಕ ಕಂತಿನಲ್ಲಿ ಸೇರಿಹೋಗಿದೆ. ಕನ್ನಡ ಭಾಷೆಯನ್ನು ಸೇರಿಸಿಕೊಂಡ ಯಂತ್ರದಲ್ಲಿ ಅದು ಸಿಗುತ್ತದೆ, ಸೇರಿಸದ ಯಂತ್ರದಲ್ಲಿ ನಿರ್ಮಲಾ ಯುಐ ಅದರ ಜಾಗಕ್ಕೆ ಬರುತ್ತದೆ. ಎರಡು ವಿಂಡೋಸ್ ಲ್ಯಾಪ್‌ಟಾಪುಗಳ ನಡುವೆ ಸ್ಲೈಡು ಬದಲಾಗುವ ವಿಚಿತ್ರಕ್ಕೆ ಇದು ಕಾರಣ.

ಫಾಂಟ್ ಬದಲಾದರೆ ಅಕ್ಷರದ ಚೆಂದ ಬದಲಾಗಬೇಕು, ಸಾಲು ಯಾಕೆ ಒಡೆಯಬೇಕು? ಒಂದು ಸ್ಲೈಡು ಇಟ್ಟುಕೊಂಡು ನೋಡೋಣ. ಪ್ರೌಢಶಾಲೆಯ ಮಕ್ಕಳಿಗೆ ಕೆರೆಗಳ ಬಗ್ಗೆ ಪಾಠ. ಶೀರ್ಷಿಕೆ, ‘ಕೆರೆ ಸರಪಳಿ: ಮೇಲಿನ ಕೆರೆ ತುಂಬಿದರೆ ಕೆಳಗಿನದಕ್ಕೆ ನೀರು’. ಎಡಕ್ಕೆ ಮೂರು ಅಂಶಗಳು, ಅವುಗಳಲ್ಲಿ ಮೊದಲನೆಯದು ‘ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ ಹರಿಯುತ್ತದೆ’. ಬಲಕ್ಕೆ ಕೆರೆಗಳ ನಕ್ಷೆ. ತುಂಗಾದಲ್ಲಿ ಶೀರ್ಷಿಕೆ ಒಂದೇ ಸಾಲು, ಅಂಶಗಳು ಎರಡೆರಡು ಸಾಲು. ತುಂಗಾದ ಅಕ್ಷರಗಳು ಅದೇ ಅಳತೆಯ ನೋಟೋ ಸಾನ್ಸ್ ಕನ್ನಡಕ್ಕಿಂತ ಸಣ್ಣದಾಗಿ ಕಾಣುತ್ತವೆ. ಎರಡಕ್ಕೂ 24 ಎಂದೇ ಬರೆದಿದ್ದರೂ ನೋಟೋದ ಸಾಲು ಹೆಚ್ಚು ಅಗಲ ಬೇಡುತ್ತದೆ. ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ಪದಗಳಿರುವುದರಿಂದ ಸ್ವಲ್ಪ ಅಗಲ ಹೆಚ್ಚಿದರೆ ಒಂದು ಪುಟ್ಟ ಪದ ಕೆಳಗಿಳಿದು ಸುಮ್ಮನಾಗುತ್ತದೆ. ಕನ್ನಡದಲ್ಲಿ ‘ರಾಜಕಾಲುವೆಯಲ್ಲಿ’ ಎಂಬ ಇಡೀ ಪದವೇ ಕೆಳಗಿಳಿಯಬೇಕು. ಮೇಲಿನ ಸಾಲು ಅರ್ಧ ಖಾಲಿ, ಎರಡಿದ್ದದ್ದು ಮೂರು ಸಾಲು. ಮೂರು ಅಂಶಗಳಲ್ಲಿ ಹೀಗಾದರೆ ಕೊನೆಯ ಅಂಶ ಪೆಟ್ಟಿಗೆಯ ಹೊರಗೆ.

ಇದಕ್ಕೆ ಸಾಲಿನ ಎತ್ತರವೂ ಸೇರುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಎರಡಕ್ಕೂ ಜಾಗ ಬೇಕಾದ್ದರಿಂದ ಪ್ರತಿ ಫಾಂಟೂ ತನ್ನ ಸಾಲಿನ ಎತ್ತರವನ್ನು ತಾನೇ ಹೇಳಿಕೊಳ್ಳುತ್ತದೆ. ಸಾಲಿನ ಅಂತರ 1.0 ಎಂದು ನೀವು ಕೊಟ್ಟಿದ್ದರೆ ಅದರ ಅರ್ಥ ‘ಈ ಫಾಂಟ್ ಹೇಳಿದಷ್ಟು’. ಫಾಂಟ್ ಬದಲಾದರೆ ಆ ಒಂದೂ ಬದಲಾಗುತ್ತದೆ. ಪವರ್‌ಪಾಯಿಂಟ್ ಮತ್ತು ಕೀನೋಟ್ ಎರಡರಲ್ಲೂ Exactly ಎಂಬ ಆಯ್ಕೆಯಲ್ಲಿ ಸಾಲಿಗೆ ಇಂತಿಷ್ಟೇ ಪಾಯಿಂಟ್ ಎಂದು ಕಟ್ಟಿಹಾಕಬಹುದು. ಗೂಗಲ್ ಸ್ಲೈಡ್ಸ್‌ನಲ್ಲಿ ಅಂತರವನ್ನು ಪಟ್ಟಾಗಿ ಮಾತ್ರ ಕೊಡಲು ಬರುತ್ತದೆ, ಹೀಗಾಗಿ ಅಲ್ಲಿಗೆ ಹೋಗುವ ಕಡತಕ್ಕೆ Exactly ನೆರವಾಗದು. ಫಾಂಟನ್ನೇ ಎಲ್ಲ ಕಡೆ ಒಂದಾಗಿಸುವುದು ಬಲವಾದ ದಾರಿ.

ಹಾಗಾದರೆ ಮೂರೂ ಕಡೆ ಸಿಗುವ ಫಾಂಟ್ ಯಾವುದು? ಗೂಗಲ್ ಸ್ಲೈಡ್ಸ್‌ಗೆ ನಮ್ಮ ಸ್ವಂತ ಫಾಂಟ್ ಸೇರಿಸಲು ಬರುವುದಿಲ್ಲ, ಅಲ್ಲಿರುವುದನ್ನೇ ಬಳಸಬೇಕು. ಆದ್ದರಿಂದ ಆಯ್ಕೆ ಅಲ್ಲಿಂದಲೇ ಶುರುವಾಗಲಿ. ಫಾಂಟ್ ಪಟ್ಟಿಯ ಮೇಲ್ಗಡೆ More fonts ಒತ್ತಿ, ಲಿಪಿಗಳ ಪಟ್ಟಿಯಲ್ಲಿ Kannada ಆರಿಸಿ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ತಿರೋ ಕನ್ನಡ ಮೊದಲಾದವು ಸಿಗುತ್ತವೆ. ಇವೇ ಫಾಂಟುಗಳನ್ನು ಗೂಗಲ್ ಫಾಂಟ್ಸ್‌ನಿಂದ ಉಚಿತವಾಗಿ ಇಳಿಸಿ ವಿಂಡೋಸ್‌ಗೂ ಮ್ಯಾಕ್‌ಗೂ ಹಾಕಿಕೊಳ್ಳಬಹುದು. ಪಾಠಕ್ಕೆ, ಕಚೇರಿಗೆ ನನ್ನ ಮಟ್ಟಿಗೆ ನೋಟೋ ಸಾನ್ಸ್ ಕನ್ನಡವೇ ಸರಿ. ಒತ್ತಕ್ಷರ ಸ್ಪಷ್ಟ, ದಪ್ಪ ಅಕ್ಷರಕ್ಕೆ ನಿಜವಾದ ಬೋಲ್ಡ್ ರೂಪ ಇದೆ. ಇಳಿಸಿಕೊಂಡ ಜಿಪ್‌ನಲ್ಲಿ ಒಂದು ವೇರಿಯಬಲ್ ಫಾಂಟೂ static ಎಂಬ ಫೋಲ್ಡರೂ ಇರುತ್ತವೆ. ವಿಂಡೋಸ್ ಪವರ್‌ಪಾಯಿಂಟಿಗೆ ವೇರಿಯಬಲ್ ಫಾಂಟ್ ಸರಿಯಾಗಿ ಒಗ್ಗುವುದಿಲ್ಲ, static ಒಳಗಿನ Regular ಮತ್ತು Bold ಹಾಕಿಕೊಂಡರೆ ಸಾಕು.

ಈಗ ಕೆರೆ ಪಾಠದ ಕಡತವನ್ನು ಸರಿಪಡಿಸೋಣ. ಪವರ್‌ಪಾಯಿಂಟಿನಲ್ಲಿ ತೆರೆದು Home ಪಟ್ಟಿಯ Replace ಪಕ್ಕದ ಬಾಣ ಒತ್ತಿ Replace Fonts ಆರಿಸಿ. ಕಡತದಲ್ಲಿ ಬಳಕೆಯಾದ ಫಾಂಟುಗಳ ಹೆಸರೆಲ್ಲ ಅಲ್ಲಿ ಬರುತ್ತದೆ. ವಿಂಡೋಸ್‌ನಲ್ಲಿ, ಯಂತ್ರದಲ್ಲಿ ಇಲ್ಲದ ಫಾಂಟಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ, ಅದೇ ಮೊದಲ ಸುಳಿವು. ಇಲ್ಲಿ ತುಂಗಾವನ್ನು ನೋಟೋಗೆ ಬದಲಿಸಿ. ಅಷ್ಟಕ್ಕೇ ನಿಲ್ಲಬೇಡಿ. View ಪಟ್ಟಿಯ Slide Master ತೆರೆದು ಎಲ್ಲಕ್ಕಿಂತ ಮೇಲಿನ ದೊಡ್ಡ ಸ್ಲೈಡಿನಲ್ಲಿ ಶೀರ್ಷಿಕೆಯ ಪೆಟ್ಟಿಗೆಗೂ ಬರಹದ ಪೆಟ್ಟಿಗೆಗೂ ನೋಟೋ ಕೊಡಿ. ಮಾಸ್ಟರ್ ಹಾಗೇ ಬಿಟ್ಟರೆ ನಾಳೆ ಸೇರಿಸುವ ಹೊಸ ಸ್ಲೈಡಿನಲ್ಲಿ ತುಂಗಾ ಮತ್ತೆ ಬರುತ್ತದೆ.

ಇಷ್ಟಾದ ಮೇಲೆ ಒಂದು ಹೊಸ ಸ್ಲೈಡಿನಲ್ಲಿ ‘ಅಚ್ಚುಕಟ್ಟು’ ಎಂದೂ ಪಕ್ಕದಲ್ಲೇ ಒಂದು ಇಂಗ್ಲಿಷ್ ಪದವನ್ನೂ ಟೈಪ್ ಮಾಡಿ. ಇಂಗ್ಲಿಷ್ ಪದ ಮಾತ್ರ ಬದಲಾಗಿ ಕನ್ನಡ ಹಳೆಯ ರೂಪದಲ್ಲೇ ಉಳಿದಿದ್ದರೆ ಹೊಸ ಹೆಸರು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಜಾಗವನ್ನು ತಲುಪಿಲ್ಲ ಎಂದರ್ಥ. ಆಗ ಕನ್ನಡ ಬರಹವನ್ನೇ ಆಯ್ದು ಫಾಂಟ್ ಕೊಡಬೇಕು. ಸ್ಲೈಡುಗಳಲ್ಲಿ ಅಲ್ಲಲ್ಲಿ ಕೈಯಾರೆ ಕೊಟ್ಟ ಹಳೆಯ ಅಲಂಕಾರ ಉಳಿದಿದ್ದರೆ Home ಪಟ್ಟಿಯ Reset ಅದನ್ನು ಮಾಸ್ಟರಿನ ರೂಪಕ್ಕೆ ತರುತ್ತದೆ. ಅದು ಪೆಟ್ಟಿಗೆಯ ಜಾಗವನ್ನೂ ಮೊದಲಿನಂತೆ ಮಾಡುತ್ತದೆ ಎಂಬುದು ನೆನಪಿರಲಿ. ನಕ್ಷೆಗೆ ಜಾಗ ಬಿಡಲು ನೀವು ಪೆಟ್ಟಿಗೆ ಕಿರಿದು ಮಾಡಿದ್ದರೆ ಅದು ಮತ್ತೆ ಹಿಗ್ಗುತ್ತದೆ.

ಕೀನೋಟಿನಲ್ಲಿ ಕೆಲಸ ಸ್ವಲ್ಪ ಸುಲಭ. ಫಾಂಟ್ ಸಿಗದಿದ್ದರೆ ಅದು ಎಚ್ಚರಿಕೆ ಕೊಡುತ್ತದೆ, ಆ ಸೂಚನೆಯನ್ನು ಓದದೆ ಮುಚ್ಚಬೇಡಿ. Format ಪಟ್ಟಿಯ Font ಒಳಗಿನ Replace Fonts ತೆರೆದರೆ ಇಲ್ಲದ ಫಾಂಟ್‌ಗೆ ಬದಲಿ ಆರಿಸಬಹುದು. ಮ್ಯಾಕ್‌ಗೆ ನೋಟೋ ಮೊದಲೇ ಹಾಕಿದ್ದರೆ ಈ ಎಚ್ಚರಿಕೆಯೇ ಬರುವುದಿಲ್ಲ.

ಪವರ್‌ಪಾಯಿಂಟಿನಲ್ಲೇ ಫಾಂಟನ್ನು ಕಡತದೊಳಗೆ ತುಂಬುವ ಸೌಲಭ್ಯವಿದೆಯಲ್ಲ ಎಂದು ಕೇಳಬಹುದು. ಇದೆ. File, Options, Save ಎಂದು ಹೋದರೆ Embed fonts in the file ಸಿಗುತ್ತದೆ. ಬಳಸಿದ ಅಕ್ಷರ ಮಾತ್ರ ತುಂಬುವುದು ಅಥವಾ ಎಲ್ಲವನ್ನೂ ತುಂಬುವುದು, ಎರಡು ಬಗೆ. ಇನ್ನೊಬ್ಬರು ತಿದ್ದುವ ಕಡತಕ್ಕೆ ಎರಡನೆಯದೇ ಬೇಕು. ಪವರ್‌ಪಾಯಿಂಟಿನಿಂದ ಪವರ್‌ಪಾಯಿಂಟಿಗೆ ಹೋಗುವಾಗ ಇದು ಒಳ್ಳೆಯದು. ಆದರೆ ಕೀನೋಟೂ ಗೂಗಲ್ ಸ್ಲೈಡ್ಸೂ ಹೀಗೆ ತುಂಬಿಕೊಟ್ಟ ಫಾಂಟನ್ನು ಬಳಸುವುದಿಲ್ಲ. ಇದೊಂದನ್ನೇ ನೆಚ್ಚಿ ಹೊರಟವರು ದಾರಿಯಲ್ಲಿ ಸಿಕ್ಕಿಬೀಳುತ್ತಾರೆ.

ಫಾಂಟ್ ಒಂದಾಯಿತು. ಆದರೂ ಗೂಗಲ್ ಸ್ಲೈಡ್ಸ್‌ಗೆ ಅಂಟಿಸಿದ ಬರಹ ದೊಡ್ಡದಾಗುತ್ತದೆ, ಕೀನೋಟಿಗೆ ಅಂಟಿಸಿದ್ದು ಪುಟ್ಟದಾಗುತ್ತದೆ. ಇಲ್ಲಿ ಫಾಂಟಿನ ತಪ್ಪಿಲ್ಲ, ಅಳತೆಗೋಲು ಬೇರೆ. ಪವರ್‌ಪಾಯಿಂಟಿನ ಅಗಲ ಸ್ಲೈಡು 13.333 ಇಂಚು ಅಗಲ, 7.5 ಇಂಚು ಎತ್ತರ. ಒಂದು ಇಂಚಿಗೆ 72 ಪಾಯಿಂಟ್ ಲೆಕ್ಕದಲ್ಲಿ ಅಗಲ 960 ಪಾಯಿಂಟ್. ಗೂಗಲ್ ಸ್ಲೈಡ್ಸ್‌ನ ಹೊಸ ಕಡತ 10 ಇಂಚು ಅಗಲ, 5.625 ಇಂಚು ಎತ್ತರ. ಅಂದರೆ 720 ಪಾಯಿಂಟ್. ಕೀನೋಟಿನ ಅಗಲ ಸ್ಲೈಡು 1920 ಪಾಯಿಂಟ್. ಮೂರೂ 16:9 ಆಕಾರದವೇ, ಪರದೆಯ ಮೇಲೆ ಮೂರೂ ಒಂದೇ ಗಾತ್ರದಲ್ಲಿ ತುಂಬಿಕೊಳ್ಳುತ್ತವೆ. ಆದ್ದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ 24 ಪಾಯಿಂಟಿನ ಅಕ್ಷರ 960ರ ಮೇಲೆ ಇದ್ದಂತೆ 1920ರ ಮೇಲೆ ಇದ್ದೀತೇ? ಅಲ್ಲಿ ಅದು ಅರ್ಧ ಕಾಣುತ್ತದೆ. 720ರ ಮೇಲೆ ಮೂರರಲ್ಲಿ ಒಂದು ಪಾಲು ಹೆಚ್ಚು ಕಾಣುತ್ತದೆ.

ಅನುಪಾತ ಸರಳವಾಗಿದೆ. ಗೂಗಲ್ 3, ಪವರ್‌ಪಾಯಿಂಟ್ 4, ಕೀನೋಟ್ 8. ಪವರ್‌ಪಾಯಿಂಟಿನಲ್ಲಿ 24 ಇದ್ದದ್ದು ಗೂಗಲ್‌ನಲ್ಲಿ 18 ಆಗಬೇಕು, ಕೀನೋಟಿನಲ್ಲಿ 48 ಆಗಬೇಕು. ನಮ್ಮ ಸ್ಲೈಡಿನ ಶೀರ್ಷಿಕೆ 36 ಆಗಿದ್ದರೆ ಗೂಗಲ್‌ನಲ್ಲಿ 27, ಕೀನೋಟಿನಲ್ಲಿ 72. ಇಡೀ ಕಡತವನ್ನು ಆಮದು ಮಾಡಿದಾಗ ಸ್ಲೈಡಿನ ಅಳತೆ ಜೊತೆಗೆ ಬರುವುದರಿಂದ ಈ ಲೆಕ್ಕ ಬೇಕಾಗದು. ಒಂದೆರಡು ಪೆಟ್ಟಿಗೆಗಳನ್ನು ಇಲ್ಲಿಂದ ತೆಗೆದು ಅಲ್ಲಿಗೆ ಅಂಟಿಸುವಾಗ, ನಾಲ್ಕು ಜನ ಮಾಡಿದ ಸ್ಲೈಡುಗಳನ್ನು ಒಂದುಗೂಡಿಸುವಾಗ ಬೇಕು. ಕೀನೋಟಿನಿಂದ ಪವರ್‌ಪಾಯಿಂಟಿಗೆ ರಫ್ತಾದ ಕಡತ ತೆರೆದು Design ಪಟ್ಟಿಯ Slide Size ನೋಡಿದರೆ 26.67 ಇಂಚು ಅಗಲ ಕಂಡು ಗಾಬರಿಯಾಗಬಹುದು. ಅದು 1920 ಪಾಯಿಂಟೇ, ತಪ್ಪೇನಿಲ್ಲ.

ಗುಂಪಾಗಿ ಕೆಲಸ ಮಾಡುವವರು ಮೊದಲ ದಿನವೇ ಅಳತೆ ಒಂದು ಮಾಡಿಕೊಳ್ಳುವುದು ಮೇಲು. ಗೂಗಲ್ ಸ್ಲೈಡ್ಸ್‌ನಲ್ಲಿ File ಪಟ್ಟಿಯ Page setup ತೆರೆದು Custom ಕೊಟ್ಟು 13.333 ಮತ್ತು 7.5 ಎಂದು ತುಂಬಿ. ಖಾಲಿ ಕಡತದಲ್ಲೇ ಇದನ್ನು ಮಾಡಿ, ಬರಹ ಚಿತ್ರ ಎಲ್ಲ ಕೂಡಿಸಿದ ಮೇಲೆ ಅಳತೆ ಬದಲಿಸಿದರೆ ಜೋಡಣೆ ಅಲ್ಲಾಡುತ್ತದೆ.

ಇನ್ನೊಂದು ತೊಂದರೆ ಬೇಗ ಸಿಕ್ಕಿಬೀಳುವುದಿಲ್ಲ. ಪೆಟ್ಟಿಗೆ ತುಂಬಿದಾಗ ಪವರ್‌ಪಾಯಿಂಟ್ ತಾನೇ ಅಕ್ಷರ ಕುಗ್ಗಿಸುತ್ತದೆ, ಅದಕ್ಕೆ Shrink text on overflow ಎಂದು ಹೆಸರು. ಆಗ ಕಡತದಲ್ಲಿ ನಿಜವಾದ ಅಳತೆ 28 ಎಂದೇ ಉಳಿದು, ಜೊತೆಗೆ ‘ಶೇಕಡ 90ಕ್ಕೆ ಕುಗ್ಗಿಸು, ಸಾಲಿನ ಅಂತರವನ್ನು ಶೇಕಡ 10 ಇಳಿಸು’ ಎಂಬಂಥ ಟಿಪ್ಪಣಿ ಸೇರುತ್ತದೆ. ಆ ಟಿಪ್ಪಣಿ ಹಳೆಯ ಫಾಂಟಿನ ಅಗಲಕ್ಕೆ ಹಾಕಿದ ಲೆಕ್ಕ. ಇನ್ನೊಂದು ತಂತ್ರಾಂಶ ಅದನ್ನು ಹಾಗೇ ಒಪ್ಪಬಹುದು, ಹೊಸದಾಗಿ ಲೆಕ್ಕ ಹಾಕಬಹುದು, ಬಿಟ್ಟೂಬಿಡಬಹುದು. ಪವರ್‌ಪಾಯಿಂಟ್ ಕೂಡ ಬರಹವನ್ನು ಮುಟ್ಟುವವರೆಗೆ ಮರುಲೆಕ್ಕ ಹಾಕುವುದಿಲ್ಲ. ಪೆಟ್ಟಿಗೆಯೊಳಗೆ ಒಂದು ಖಾಲಿ ಜಾಗ ಟೈಪ್ ಮಾಡಿದ ಕೂಡಲೇ ಎಲ್ಲ ಸಾಲುಗಳೂ ಜಿಗಿದು ಬೇರೆ ಗಾತ್ರಕ್ಕೆ ಬಂದರೆ ಈ ಕುಗ್ಗಿಸುವಿಕೆಯೇ ಕಾರಣ.

ಹೊರಡುವ ಮೊದಲೇ ಇದನ್ನು ಬಿಡಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಬಲ ಕ್ಲಿಕ್ ಮಾಡಿ Format Shape, ಅದರಲ್ಲಿ Text Options, ಅಲ್ಲಿ Text Box ಅಡಿಯ Do not Autofit ಆರಿಸಿ. ಅಕ್ಷರ ತಟ್ಟನೆ 28ಕ್ಕೆ ಹಿಗ್ಗಿ ಪೆಟ್ಟಿಗೆಯಿಂದ ಹೊರಬರುತ್ತದೆ. ಹೆದರಬೇಡಿ, ಅದು ನಿಜವಾದ ಸ್ಥಿತಿ. ಈಗ ಕೈಯಾರೆ 24 ಕೊಡಿ. ಕೆರೆ ಪಾಠದ ಮೂರು ಅಂಶಗಳು 24ರಲ್ಲಿ ಕೂರದಿದ್ದರೆ ಅಕ್ಷರವನ್ನು ಇನ್ನೂ ಕುಗ್ಗಿಸುವುದು ಬೇಡ, ಹಿಂದಿನ ಬೆಂಚಿನ ಮಗುವಿಗೆ ಕಾಣಬೇಕು. ಮಾತು ಕಡಿಮೆ ಮಾಡಿ. ‘ಕೋಡಿ ನೀರು ರಾಜಕಾಲುವೆಯಿಂದ ಮುಂದಿನ ಕೆರೆಗೆ’ ಎಂದರೆ ಅರ್ಥ ಪೂರ್ತಿ ಉಳಿಯುತ್ತದೆ. ಪೆಟ್ಟಿಗೆಯ ಬಲಬದಿಯಲ್ಲಿ ಒಂದು ಮಧ್ಯಮ ಪದದಷ್ಟು ಜಾಗ ಖಾಲಿ ಬಿಟ್ಟರೆ ಮೂರು ತಂತ್ರಾಂಶಗಳ ಸಣ್ಣಪುಟ್ಟ ವ್ಯತ್ಯಾಸವನ್ನು ಅದೇ ನುಂಗಿಕೊಳ್ಳುತ್ತದೆ.

ಕೋಷ್ಟಕಗಳಿಗೆ ಈ ಉಪಾಯ ಅರ್ಧ ಮಾತ್ರ ಒದಗುತ್ತದೆ. ಕೋಷ್ಟಕದ ಅಡ್ಡಸಾಲು ಬರಹದ ಎತ್ತರಕ್ಕಿಂತ ಕೆಳಗೆ ಕುಗ್ಗುವುದಿಲ್ಲ, ಒಂದು ಮನೆಯಲ್ಲಿ ಪದ ಕೆಳಗಿಳಿದರೆ ಇಡೀ ಸಾಲು ಬೆಳೆದು ಕೋಷ್ಟಕ ಸ್ಲೈಡಿನ ಅಂಚು ದಾಟುತ್ತದೆ. ಕಂಬಗಳನ್ನು ಉದಾರವಾಗಿ ಅಗಲ ಮಾಡುವುದೇ ಪರಿಹಾರ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಸ್ಲೈಡುಗಳ ಕಥೆ ಬೇರೆಯೇ. ಶಾಲೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಇಂಥವು ಇಂದಿಗೂ ಸಾಕಷ್ಟಿವೆ. ಅವುಗಳಲ್ಲಿ ಕಡತದೊಳಗೆ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಕೀಲಿಗಳ ಸಂಕೇತ. ಆ ಫಾಂಟ್ ಇದ್ದರೆ ಅದು ಕನ್ನಡದ ಆಕಾರದಲ್ಲಿ ಕಾಣುತ್ತದೆ, ಇಲ್ಲದಿದ್ದರೆ `PÀ£ÀßqÀ` ಎಂದು ಕಾಣುತ್ತದೆ. ಅದು ‘ಕನ್ನಡ’ ಎಂಬ ಪದ. ಗೂಗಲ್ ಸ್ಲೈಡ್ಸ್‌ಗೆ ಆ ಫಾಂಟ್ ಸೇರಿಸಲಾಗದ್ದರಿಂದ ಅಲ್ಲಿ ಫಾಂಟ್ ಬದಲಿಸಿ ಏನೂ ಪ್ರಯೋಜನವಿಲ್ಲ, ಬರಹವನ್ನೇ ಯುನಿಕೋಡ್‌ಗೆ ಪರಿವರ್ತಿಸಬೇಕು. ನುಡಿಯ ಬರಹವನ್ನು ಯುನಿಕೋಡ್ ಮಾಡಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದೊಂದು ಪೆಟ್ಟಿಗೆಯ ಬರಹವನ್ನು ನಕಲಿಸಿ, ಪರಿವರ್ತಿಸಿ, Keep Text Only ಎಂದು ಅಂಟಿಸಿ, ಆಮೇಲೆ ನೋಟೋ ಕೊಡಿ. ಹಾಗೆ ಮಾಡದೆ ಸೀದಾ ಅಂಟಿಸಿದರೆ ಹೊಸ ಬರಹಕ್ಕೆ ಹಳೆಯ ಫಾಂಟಿನ ಹೆಸರು ಮತ್ತೆ ಅಂಟಿಕೊಳ್ಳಬಹುದು.

ಪರಿವರ್ತನೆಯಲ್ಲಿ ಎರಡು ಕಡೆ ಕಣ್ಣಿಡಬೇಕು. ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ನುಡಿಯ ಸಂಕೇತ ಎಂದೇ ಎಣಿಸಿ ಕನ್ನಡದ ತುಂಡುಗಳಾಗಿ ಮಾಡಿಬಿಡುತ್ತದೆ. ಅಂಥ ಪದಗಳನ್ನು ಬಿಟ್ಟು ಮಿಕ್ಕದ್ದನ್ನು ಮಾತ್ರ ಪರಿವರ್ತಿಸಿ. ಇನ್ನೊಂದು ಅರ್ಕಾವತ್ತು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ರಕಾರ ಮೊದಲು. ಆದ್ದರಿಂದ ‘ಕರ್ನಾಟಕ’, ‘ವರ್ಷ’, ‘ಕಾರ್ಯ’ದಂಥ ಪದಗಳನ್ನು ಹುಡುಕಿ ಓದಿ. ಅವು ಸರಿಯಾಗಿದ್ದರೆ ಉಳಿದವು ಬಹುಮಟ್ಟಿಗೆ ಸರಿ ಇರುತ್ತವೆ. ಅಲಂಕಾರದ ಒಂದು ಶೀರ್ಷಿಕೆ ಹಳೆಯ ಫಾಂಟಿನಲ್ಲೇ ಇರಬೇಕು ಎಂದಾದರೆ, ಆ ಫಾಂಟ್ ಇರುವ ಯಂತ್ರದಲ್ಲಿ ಅದನ್ನು ಕತ್ತರಿಸಿ ಚಿತ್ರವಾಗಿ ಅಂಟಿಸಿ. ಚಿತ್ರದ Alt Text ಜಾಗದಲ್ಲಿ ಅದೇ ಪದಗಳನ್ನು ಯುನಿಕೋಡಿನಲ್ಲಿ ಬರೆಯುವುದನ್ನು ಮರೆಯಬೇಡಿ, ಪರದೆ ಓದುವ ತಂತ್ರಾಂಶ ಬಳಸುವವರಿಗೆ ಅದೊಂದೇ ಆಧಾರ.

ಎಲ್ಲ ಮುಗಿದ ಮೇಲೆ ನಿಜವಾಗಿ ಯಾವ ಫಾಂಟ್ ಬಳಕೆಯಾಗುತ್ತಿದೆ ಎಂದು ತಿಳಿಯಲು ನಂಬಬಹುದಾದ ದಾರಿ ಪಿಡಿಎಫ್. ಸ್ಲೈಡು ತೋರಿಸುವ ಯಂತ್ರದಿಂದಲೇ ಪಿಡಿಎಫ್ ಮಾಡಿಸಿ, ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು Properties ಒಳಗಿನ Fonts ನೋಡಿ. ಅಲ್ಲಿ ನೋಟೋ ಬದಲು ಬೇರೆ ಕನ್ನಡ ಫಾಂಟಿನ ಹೆಸರಿದ್ದರೆ ಎಲ್ಲೋ ಒಂದು ಪೆಟ್ಟಿಗೆ ಉಳಿದುಹೋಗಿದೆ. ಹೆಚ್ಚಾಗಿ ಅದು ನಕ್ಷೆಯೊಳಗಿನ ಹೆಸರುಗಳಲ್ಲೋ ಸ್ಲೈಡಿನ ಅಡಿಯ ದಿನಾಂಕದ ಸಾಲಿನಲ್ಲೋ ಇರುತ್ತದೆ. ಅದೇ ಪಿಡಿಎಫನ್ನು ಪೆನ್‌ಡ್ರೈವಿನಲ್ಲಿ ಕಡತದ ಜೊತೆಗೇ ಇಟ್ಟುಕೊಳ್ಳಿ, ನೋಟೋದ ಎರಡು ಫಾಂಟ್ ಕಡತಗಳನ್ನೂ ಇಟ್ಟುಕೊಳ್ಳಿ. ಸಭಾಂಗಣದ ಯಂತ್ರದಲ್ಲಿ ಫಾಂಟ್ ಹಾಕಲು ಅನುಮತಿ ಸಿಗದಿದ್ದರೆ ಪಿಡಿಎಫ್ ತೋರಿಸಬಹುದು. ಅದರಲ್ಲಿ ಅನಿಮೇಷನ್ ಇರುವುದಿಲ್ಲ, ವಿಡಿಯೋ ಓಡುವುದಿಲ್ಲ. ಕೆರೆಗಳು ಒಂದಾದ ಮೇಲೊಂದು ತುಂಬುವುದನ್ನು ಅನಿಮೇಷನ್‌ನಲ್ಲಿ ತೋರಿಸಿದ್ದರೆ ಅದೊಂದು ಸ್ಲೈಡನ್ನು ಮೂರು ಸ್ಲೈಡಾಗಿ ಬಿಡಿಸಿ, ಒಂದೊಂದರಲ್ಲಿ ಒಂದೊಂದು ಕೆರೆ ತುಂಬಿಸಿ ಪಿಡಿಎಫ್ ಮಾಡಿಸಿ.